ಮೂರು ಸೆಟ್, ಎಂಟರಿಂದ ಹನ್ನೆರಡು ರೆಪ್: ಜಿಮ್ ಚಾರ್ಟ್‌ನ ಅಂಕಿಗಳನ್ನು ಓದುವ ಬಗೆ

ಜಿಮ್‌ಗೆ ಸೇರಿದ ಮೊದಲ ವಾರದಲ್ಲಿ ಟ್ರೈನರ್ ಕೈಗಿಡುವ ಚಾರ್ಟ್‌ನಲ್ಲಿ ವ್ಯಾಯಾಮದ ಹೆಸರು ಒಂದು ಕಡೆ ಇರುತ್ತದೆ, ಅದರ ಮುಂದೆ ‘3 × 8–12’ ಎಂಬಂತಹ ಬರಹವಿರುತ್ತದೆ. ಎಷ್ಟು ಕಿಲೋ ಎತ್ತಬೇಕೆಂಬುದನ್ನು ಮಾತ್ರ ಬಹುತೇಕ ಚಾರ್ಟ್‌ಗಳು ಹೇಳುವುದಿಲ್ಲ. ಇದು ಟ್ರೈನರ್ ಮರೆತು ಬಿಟ್ಟ ಜಾಗವಲ್ಲ. ಒಬ್ಬರಿಗೆ ಹಗುರವಾದ ತೂಕ ಇನ್ನೊಬ್ಬರಿಗೆ ಭಾರವಾಗುವುದರಿಂದ ಕಿಲೋವನ್ನು ಮೊದಲೇ ಬರೆದಿಡಲು ಸಾಧ್ಯವಿಲ್ಲ. ಅದನ್ನು ಕಂಡುಕೊಳ್ಳುವ ದಾರಿಯೇ ಆ ಎಂಟು ಮತ್ತು ಹನ್ನೆರಡು ಎಂಬ ಅಂಕಿಗಳಲ್ಲಿದೆ. ಹೊಸಬರಲ್ಲಿ ಹೆಚ್ಚಿನವರು ಈ ಅಂಕಿಯನ್ನು ಮುಗಿಸಬೇಕಾದ ಲೆಕ್ಕವೆಂದು ತಿಳಿದು, ಕೈಗೆ ಸಿಕ್ಕ ತೂಕದಲ್ಲಿ ಹನ್ನೆರಡು ಎಣಿಸಿ ಕೆಳಗಿಡುತ್ತಾರೆ. ಹಾಗೆ ಮಾಡಿದರೆ ತಿಂಗಳುಗಟ್ಟಲೆ ಅದೇ ತೂಕದಲ್ಲಿ ಉಳಿದುಬಿಡುವ ಸಾಧ್ಯತೆಯೇ ಹೆಚ್ಚು.

ಈ ಲೇಖನದಲ್ಲಿ ಚಾರ್ಟ್‌ನ ಒಂದೇ ಒಂದು ಸಾಲನ್ನು ತೆಗೆದುಕೊಂಡು ಅದನ್ನು ಮೊದಲ ದಿನದಿಂದ ತೂಕ ಏರಿಸುವ ದಿನದವರೆಗೆ ಹೇಗೆ ಪಾಲಿಸಬೇಕೆಂದು ನೋಡೋಣ. ಆ ಸಾಲು ಹೀಗಿದೆ: ಲ್ಯಾಟ್ ಪುಲ್‌ಡೌನ್, 3 × 8–12, ವಿಶ್ರಾಂತಿ 2 ನಿಮಿಷ. ಎತ್ತರದಲ್ಲಿ ತೂಗುವ ಅಗಲವಾದ ಹಿಡಿಯನ್ನು ಕುಳಿತು ಎದೆಯ ಕಡೆಗೆ ಎಳೆಯುವ ಈ ಯಂತ್ರ ಸಣ್ಣ ಊರಿನ ಜಿಮ್‌ಗಳಲ್ಲಿಯೂ ಸಾಮಾನ್ಯವಾಗಿ ಇರುತ್ತದೆ, ಮತ್ತು ಪಿನ್ ಬದಲಿಸಿದರೆ ತೂಕ ಬದಲಾಗುವುದರಿಂದ ಹೊಸಬರಿಗೆ ಲೆಕ್ಕ ಹಿಡಿಯಲು ಸುಲಭ.

ಮೊದಲ ಹಂತ: ಒಂದು ರೆಪ್ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ

ರೆಪ್ ಎಂದರೆ ಚಲನೆಯ ಒಂದು ಪೂರ್ಣ ಆವರ್ತ: ಹೊರಟ ಸ್ಥಾನದಿಂದ ಹೋಗಿ ಮತ್ತೆ ಅದೇ ಸ್ಥಾನಕ್ಕೆ ಮರಳುವುದು. ಪುಲ್‌ಡೌನ್‌ನಲ್ಲಿ ಹೊರಟ ಸ್ಥಾನವೆಂದರೆ ತೊಡೆಗಳು ಮೆತ್ತೆಯ ಕೆಳಗೆ ಭದ್ರವಾಗಿದ್ದು, ಎರಡೂ ತೋಳುಗಳು ಮೇಲಕ್ಕೆ ನೇರವಾಗಿ ಚಾಚಿರುವ ಸ್ಥಿತಿ. ಅಲ್ಲಿಂದ ಮೊಣಕೈಗಳನ್ನು ಪಕ್ಕೆಲುಬಿನ ಕಡೆಗೆ ಇಳಿಸುತ್ತಾ ಹಿಡಿಯನ್ನು ಎದೆಯ ಮೇಲ್ಭಾಗದವರೆಗೆ ತರಬೇಕು, ಬಳಿಕ ತೋಳುಗಳು ಪೂರ್ತಿ ನೇರವಾಗುವವರೆಗೆ ನಿಧಾನವಾಗಿ ಮೇಲಕ್ಕೆ ಬಿಡಬೇಕು. ಎಳೆಯುವುದಕ್ಕೆ ಸುಮಾರು ಒಂದು ಸೆಕೆಂಡ್, ಬಿಡುವುದಕ್ಕೆ ಎರಡರಿಂದ ಮೂರು ಸೆಕೆಂಡ್ ಹಿಡಿದರೆ ವೇಗ ಸರಿಯಾಗಿದೆ. ಎಳೆಯುವಾಗ ಉಸಿರು ಬಿಟ್ಟು, ಮೇಲಕ್ಕೆ ಬಿಡುವಾಗ ಉಸಿರು ಒಳಗೆ ತೆಗೆದುಕೊಂಡರೆ ಉಸಿರು ಬಿಗಿಹಿಡಿಯುವ ಅಭ್ಯಾಸ ಬೆಳೆಯುವುದಿಲ್ಲ. ರಕ್ತದೊತ್ತಡ ಇರುವವರಿಗೆ ಇದು ಮುಖ್ಯ, ಅಂಥವರು ಭಾರ ಎತ್ತಲು ತೊಡಗುವ ಮುನ್ನ ವೈದ್ಯರನ್ನು ಕೇಳಿಕೊಳ್ಳಬೇಕು.

ಹೊಸಬರ ಎಣಿಕೆ ಸಾಮಾನ್ಯವಾಗಿ ತಪ್ಪುವುದು ಮರಳುವ ಭಾಗದಲ್ಲಿ. ಎಳೆದು ಮುಗಿದೊಡನೆ ಕೆಲಸ ಮುಗಿಯಿತೆಂದು ಹಿಡಿಯನ್ನು ಸಡಿಲಬಿಟ್ಟರೆ ಹಿಂದೆ ತೂಕದ ಪಟ್ಟಿಗಳು ಒಂದರ ಮೇಲೊಂದು ಬಿದ್ದು ಠಣ್ಣೆನ್ನುತ್ತವೆ. ಆ ಸದ್ದು ಕೇಳಿದರೆ ಆ ರೆಪ್‌ನಲ್ಲಿ ಅರ್ಧ ಕೆಲಸ ಸ್ನಾಯುವಿನ ಬದಲು ಗುರುತ್ವಾಕರ್ಷಣೆ ಮಾಡಿತೆಂದೇ ಅರ್ಥ. ಇನ್ನೊಂದು ತಪ್ಪು, ಎಂಟು ಒಂಬತ್ತನೆಯ ಎಣಿಕೆಯ ಹೊತ್ತಿಗೆ ಸೊಂಟದಿಂದ ಹಿಂದಕ್ಕೆ ಜೋಲಿ ಹೊಡೆದು ಇಡೀ ಮೈಭಾರದಿಂದ ಹಿಡಿಯನ್ನು ಕೆಳಗೆ ತರುವುದು. ಹಿಡಿ ಕೆಳಗೆ ಬಂದಿರುತ್ತದೆ, ನಿಜ. ಆದರೆ ಬೆನ್ನಿನ ಸ್ನಾಯು ಮಾಡಬೇಕಾದ ಕೆಲಸವನ್ನು ಜೋಲಿ ಮಾಡಿರುತ್ತದೆ. ನನ್ನ ಅಭಿಪ್ರಾಯದಲ್ಲಿ ಇಂತಹ ರೆಪ್‌ಗಳನ್ನು ಎಣಿಸಲೇಬಾರದು. ಹನ್ನೆರಡರಲ್ಲಿ ಕೊನೆಯ ಮೂರು ಜೋಲಿಯಿಂದ ಬಂದಿದ್ದರೆ ಪುಸ್ತಕದಲ್ಲಿ ಒಂಬತ್ತು ಎಂದೇ ಬರೆಯಬೇಕು. ಈ ಕಟ್ಟುನಿಟ್ಟು ಯಾರನ್ನೋ ಮೆಚ್ಚಿಸುವುದಕ್ಕಲ್ಲ: ಮುಂದಿನ ವಾರದ ತೂಕವನ್ನು ಇದೇ ಅಂಕಿ ನಿರ್ಧರಿಸುವುದರಿಂದ ಅಂಕಿ ಸುಳ್ಳಾದರೆ ತೂಕವೂ ತಪ್ಪುತ್ತದೆ.

ಎರಡನೆಯ ಹಂತ: ಸೆಟ್ ಮತ್ತು ಅದರ ನಡುವಿನ ಬಿಡುವು

ನಡುವೆ ತೂಕವನ್ನು ಕೆಳಗಿಡದೆ ಒಂದೇ ಸಮನೆ ಮಾಡಿದ ರೆಪ್‌ಗಳ ಗುಂಪು ಒಂದು ಸೆಟ್. ಮೇಲೆ ಹೇಳಿದ ವೇಗದಲ್ಲಿ ಹತ್ತು ರೆಪ್‌ಗಳ ಒಂದು ಸೆಟ್ಟಿಗೆ ಮೂವತ್ತರಿಂದ ನಲವತ್ತು ಸೆಕೆಂಡ್ ಬೇಕಾಗುತ್ತದೆ. ಹದಿನೈದು ಸೆಕೆಂಡಿನಲ್ಲಿ ಮುಗಿದಿದ್ದರೆ ರೆಪ್‌ಗಳು ಅವಸರದಲ್ಲಿ ನಡೆದಿವೆ. ಆರು ಮಾಡಿ, ಹಿಡಿ ಬಿಟ್ಟು, ಕೈ ಒದರಿಕೊಂಡು, ಫೋನ್ ನೋಡಿ ಮತ್ತೆ ಆರು ಮಾಡಿದರೆ ಅದು ಹನ್ನೆರಡರ ಒಂದು ಸೆಟ್ ಅಲ್ಲ, ಆರರ ಎರಡು ಸೆಟ್.

ಚಾರ್ಟ್‌ನಲ್ಲಿ ಬರೆದ ವಿಶ್ರಾಂತಿಯ ಸಮಯವೂ ರೆಪ್‌ನ ಅಂಕಿಯಷ್ಟೇ ತೂಕವುಳ್ಳ ಸೂಚನೆ. ಜೋರಾಗಿ ಕೆಲಸ ಮಾಡಿದ ಸ್ನಾಯುವಿನಲ್ಲಿ ಕ್ಷಣದಲ್ಲಿ ಶಕ್ತಿ ಕೊಡುವ ಸಂಗ್ರಹ ಬೇಗನೆ ಖಾಲಿಯಾಗುತ್ತದೆ. ಅದು ಬಹುಮಟ್ಟಿಗೆ ಮರಳಿ ತುಂಬಲು ಎರಡು ಮೂರು ನಿಮಿಷ ಬೇಕು. ಮೂವತ್ತು ಸೆಕೆಂಡಿನಲ್ಲೇ ಎರಡನೆಯ ಸೆಟ್ ಆರಂಭಿಸಿದರೆ ರೆಪ್‌ಗಳು ಧಡಕ್ಕನೆ ಇಳಿಯುತ್ತವೆ, ಮತ್ತು ತೂಕ ಜಾಸ್ತಿಯಾಯಿತೆಂದು ಹೊಸಬರು ತಪ್ಪಾಗಿ ತಿಳಿಯುತ್ತಾರೆ. ಸ್ಕ್ವಾಟ್, ಪುಲ್‌ಡೌನ್, ಬೆಂಚ್ ಪ್ರೆಸ್‌ನಂತಹ ದೊಡ್ಡ ವ್ಯಾಯಾಮಗಳಿಗೆ ಎರಡರಿಂದ ಮೂರು ನಿಮಿಷ, ಬೈಸೆಪ್ಸ್ ಕರ್ಲ್‌ನಂತಹ ಒಂದೇ ಕೀಲಿನ ಸಣ್ಣ ವ್ಯಾಯಾಮಗಳಿಗೆ ಒಂದರಿಂದ ಒಂದೂವರೆ ನಿಮಿಷ ಬಿಡುವು ಸಾಕು. ಸಂಜೆಯ ಹೊತ್ತು ಜಿಮ್ ತುಂಬಿ, ಯಂತ್ರಕ್ಕಾಗಿ ಇನ್ನೊಬ್ಬರು ಕಾಯುತ್ತಿದ್ದರೆ ಅವಸರ ಮಾಡಿಕೊಳ್ಳಬೇಕಿಲ್ಲ: ನಿಮ್ಮ ಬಿಡುವಿನಲ್ಲಿ ಅವರೊಂದು ಸೆಟ್ ಹೊಡೆದರೆ ಇಬ್ಬರ ಕೆಲಸವೂ ನಡೆಯುತ್ತದೆ. ಮರಳಿ ಕುಳಿತಾಗ ಪಿನ್ ಎಲ್ಲಿದೆಯೆಂದು ನೋಡಿಕೊಂಡರಾಯಿತು.

ಮೂರನೆಯ ಹಂತ: ಚಾರ್ಟ್ ಬರೆದವರ ಬರವಣಿಗೆಯನ್ನು ಖಚಿತಪಡಿಸಿಕೊಳ್ಳುವುದು

ಸಾಮಾನ್ಯವಾಗಿ ಗುಣಾಕಾರ ಚಿಹ್ನೆಯ ಎಡಗಡೆ ಸೆಟ್, ಬಲಗಡೆ ರೆಪ್ ಇರುತ್ತದೆ. ಆದ್ದರಿಂದ ‘3 × 10’ ಎಂದರೆ ಹತ್ತು ರೆಪ್‌ಗಳ ಮೂರು ಸೆಟ್. ಆದರೆ ಇದನ್ನು ತಿರುಗಿಸಿ ಬರೆಯುವವರೂ ಇದ್ದಾರೆ. ‘10 × 3’ ಎಂದು ಕಂಡರೆ, ಮೂರು ರೆಪ್‌ಗಳ ಹತ್ತು ಸೆಟ್ ಹೊಸಬರಿಗೆ ಕೊಡುವುದು ಅಪರೂಪವಾದ್ದರಿಂದ ಬಹುಶಃ ಹತ್ತು ರೆಪ್‌ಗಳ ಮೂರು ಸೆಟ್ ಎಂದೇ ಉದ್ದೇಶವಿರುತ್ತದೆ. ಊಹೆಗಿಂತ ಒಂದು ಮಾತು ಕೇಳಿಬಿಡುವುದು ಲೇಸು. ಒಂದೊಂದು ಕಾಲಿನಿಂದ ಮಾಡುವ ಲಂಜ್‌ನ ಮುಂದೆ ‘3 × 10’ ಎಂದಿದ್ದರೆ ಒಂದೊಂದು ಕಾಲಿಗೆ ಹತ್ತೋ, ಎರಡೂ ಸೇರಿ ಹತ್ತೋ ಎಂಬುದನ್ನೂ ಕೇಳಬೇಕು, ಏಕೆಂದರೆ ಕೆಲಸ ನೇರವಾಗಿ ಇಮ್ಮಡಿಯಾಗುತ್ತದೆ. ಪ್ಲ್ಯಾಂಕ್‌ನಂತಹ ಅಲುಗಾಡದ ವ್ಯಾಯಾಮದಲ್ಲಿ ರೆಪ್‌ನ ಜಾಗಕ್ಕೆ ಸೆಕೆಂಡ್ ಬರುತ್ತದೆ: ‘3 × 30 ಸೆ.’ ಎಂದರೆ ಮೂವತ್ತು ಸೆಕೆಂಡಿನ ಮೂರು ಸೆಟ್.

ತೂಕವನ್ನು ಬರೆದುಕೊಳ್ಳುವಾಗಲೂ ಇಂತಹದೇ ಗೊಂದಲಗಳಿವೆ. ಡಂಬೆಲ್‌ಗಳ ತೂಕವನ್ನು ಒಂದು ಕೈಯ ಲೆಕ್ಕದಲ್ಲಿ ಬರೆಯುವುದು ರೂಢಿ. ಬಾರ್ ಬಳಸುವಾಗ ಪ್ಲೇಟ್‌ಗಳ ಜೊತೆ ಬಾರ್‌ನ ತೂಕವನ್ನೂ ಸೇರಿಸಬೇಕು; ಸ್ಪರ್ಧೆಯ ಅಳತೆಯ ಒಲಿಂಪಿಕ್ ಬಾರ್ ಪುರುಷರದು 20 ಕಿಲೋ, ಮಹಿಳೆಯರದು 15 ಕಿಲೋ ಇರುತ್ತದೆ, ತೆಳುವಾದ ಸ್ಥಳೀಯ ಬಾರ್‌ಗಳು ಅದಕ್ಕಿಂತ ಬಹಳ ಹಗುರ. ಕೇಬಲ್ ಯಂತ್ರದ ಮೇಲಿನ ಅಂಕಿಯನ್ನಂತೂ ಆ ಯಂತ್ರಕ್ಕೆ ಮಾತ್ರ ಸೀಮಿತವೆಂದು ತಿಳಿಯಬೇಕು. ರಾಟೆಗಳ ಜೋಡಣೆ ಬೇರೆಯಾದರೆ ಒಂದು ಜಿಮ್‌ನ 25 ಇನ್ನೊಂದು ಜಿಮ್‌ನ 25ಕ್ಕೆ ಸಮನಾಗುವುದಿಲ್ಲ, ಮತ್ತು ಕೆಲವು ಯಂತ್ರಗಳಲ್ಲಿ ಅಂಕಿ ಕಿಲೋ ಆಗಿರದೆ ಪೌಂಡ್ ಆಗಿರುತ್ತದೆ ಅಥವಾ ಬರಿಯ ಕ್ರಮಸಂಖ್ಯೆಯಾಗಿರುತ್ತದೆ.

ನಾಲ್ಕನೆಯ ಹಂತ: ಅಂಕಿಯಿಂದ ತೂಕವನ್ನು ಕಂಡುಕೊಳ್ಳುವುದು

‘8–12’ ಎಂಬುದರ ಪೂರ್ಣ ಅರ್ಥ ಹೀಗೆ: ಎಂಟಕ್ಕಿಂತ ಕಡಿಮೆ ಆಗದಷ್ಟು ಹಗುರ, ಹನ್ನೆರಡನ್ನು ದಾಟಿ ಬಹಳ ಮುಂದೆ ಹೋಗಲಾಗದಷ್ಟು ಭಾರ. ಸೆಟ್ ನಿಲ್ಲಿಸುವಾಗ ಸರಿಯಾದ ಭಂಗಿಯಲ್ಲಿ ಇನ್ನೂ ಎರಡು ರೆಪ್ ಆಗುತ್ತಿತ್ತು, ಮೂರನೆಯದು ಆಗುತ್ತಿರಲಿಲ್ಲ ಎಂದು ಅನ್ನಿಸಿದರೆ ಆ ತೂಕ ಹೊಸಬರಿಗೆ ಸರಿಯಾದದ್ದು. ಹೀಗೆ ಕೈಯಲ್ಲಿ ಉಳಿದ ರೆಪ್‌ಗಳನ್ನು ಕೆಲವು ಚಾರ್ಟ್‌ಗಳಲ್ಲಿ ಆರ್‌ಐಆರ್ ಎಂದು ಬರೆದಿರುತ್ತಾರೆ. ‘ಆರ್‌ಐಆರ್ 2’ ಎಂದರೆ ಎರಡು ಉಳಿಸಿ ನಿಲ್ಲಿಸು ಎಂದರ್ಥ.

ಉಳಿದದ್ದು ಎರಡೇ ಎಂದು ತಿಳಿಯುವುದು ಹೇಗೆ? ಉರಿಯನ್ನು ನಂಬಬಾರದು. ಹಗುರವಾದ ತೂಕದಲ್ಲೂ ಹತ್ತನೆಯ ರೆಪ್‌ನ ಹೊತ್ತಿಗೆ ಸ್ನಾಯು ಉರಿಯಬಹುದು. ನಂಬಬೇಕಾದ ಗುರುತು ವೇಗ. ಅದೇ ಬಲ ಹಾಕಿದರೂ ಹಿಡಿ ಮೊದಲಿಗಿಂತ ನಿಧಾನವಾಗಿ ಕೆಳಗಿಳಿಯತೊಡಗಿದರೆ, ಒಂದು ಸೆಕೆಂಡಿನ ಎಳೆತಕ್ಕೆ ಎರಡು ಸೆಕೆಂಡ್ ಬೇಕಾದರೆ, ಮಿತಿ ಎರಡು ಮೂರು ರೆಪ್ ದೂರದಲ್ಲಿದೆ. ಹೊಸಬರು ಈ ಅಂದಾಜಿನಲ್ಲಿ ಸಾಮಾನ್ಯವಾಗಿ ಮುಂಚೆಯೇ ನಿಂತುಬಿಡುತ್ತಾರೆ. ಎರಡೇ ಉಳಿದಿತ್ತು ಎಂದವರ ಬಳಿ ಟ್ರೈನರ್ ನಿಂತು ‘ಇನ್ನೊಂದು ಸರ್, ಇನ್ನೊಂದು’ ಎಂದರೆ ಇನ್ನೂ ಐದು ಬರುತ್ತವೆ. ಹೀಗಾಗಿ ಮೊದಲ ಕೆಲವು ವಾರಗಳ ನಂತರ ಒಮ್ಮೆ, ಪುಲ್‌ಡೌನ್‌ನಂತಹ ಅಪಾಯವಿಲ್ಲದ ಯಂತ್ರದಲ್ಲಿ, ಕೊನೆಯ ಸೆಟ್ಟನ್ನು ಇನ್ನೊಂದು ಸರಿಯಾದ ರೆಪ್ ಬಾರದವರೆಗೆ ಎಳೆದು ನೋಡುವುದು ಉಪಯುಕ್ತ. ಮಿತಿ ಎಲ್ಲಿದೆಯೆಂದು ಒಮ್ಮೆ ಕಂಡವರಿಗೆ ಎರಡು ಉಳಿಸುವುದು ಸುಲಭವಾಗುತ್ತದೆ. ಬೆಂಚ್ ಪ್ರೆಸ್ ಅಥವಾ ಸ್ಕ್ವಾಟ್‌ನಲ್ಲಿ ಬಾರ್ ಮೈಮೇಲೆಯೇ ಉಳಿದುಬಿಡುವ ಅಪಾಯವಿರುವುದರಿಂದ ಈ ಪರೀಕ್ಷೆಯನ್ನು ಒಬ್ಬರೇ ಮಾಡಲೇಬಾರದು.

ಈಗ ನಮ್ಮ ಸಾಲಿಗೆ ಬರೋಣ. ಹಿಂದೆಂದೂ ಭಾರ ಎತ್ತದ, ಕಚೇರಿ ಕೆಲಸದ ಒಬ್ಬ ವ್ಯಕ್ತಿ ಮೊದಲ ದಿನ ಯಂತ್ರದ ಮುಂದೆ ಕುಳಿತಿದ್ದಾರೆ ಎಂದಿಟ್ಟುಕೊಳ್ಳಿ. ಯಂತ್ರದ ಪಟ್ಟಿಗಳು ಐದೈದು ಕಿಲೋದವು. ಪಿನ್ನನ್ನು 15ಕ್ಕೆ ಹಾಕಿ ಹತ್ತು ರೆಪ್ ಎಳೆದಾಗ ಏನೂ ಅನ್ನಿಸಲಿಲ್ಲ. ಒಂದು ನಿಮಿಷ ಬಿಟ್ಟು 20ಕ್ಕೆ ಹಾಕಿ ಎಂಟು ಎಳೆದರು; ಕೊನೆಯದು ಮೊದಲಿನದಷ್ಟೇ ವೇಗವಾಗಿ ಬಂದಿದ್ದರಿಂದ ಇನ್ನೂ ಐದಾರು ಉಳಿದಿವೆಯೆಂದು ಲೆಕ್ಕ. ಈ ಎರಡೂ ವಾರ್ಮ್-ಅಪ್ ಸೆಟ್‌ಗಳು. ಚಾರ್ಟ್‌ನ ಮೂರರಲ್ಲಿ ಇವು ಸೇರುವುದಿಲ್ಲ. ಬಳಿಕ 25ಕ್ಕೆ ಹಾಕಿದಾಗ ಹತ್ತನೆಯ ರೆಪ್‌ನಲ್ಲಿ ಹಿಡಿ ನಿಧಾನವಾಯಿತು, ಹನ್ನೊಂದಕ್ಕೆ ನಿಲ್ಲಿಸಿದರು. ಇದೇ ಕೆಲಸದ ತೂಕ, ಇದೇ ಮೊದಲ ಸೆಟ್. ಎರಡು ನಿಮಿಷದ ಬಿಡುವಿನ ನಂತರ ಅದೇ ತೂಕದಲ್ಲಿ ಹತ್ತು, ಮತ್ತೆ ಎರಡು ನಿಮಿಷದ ನಂತರ ಎಂಟು. ಪುಸ್ತಕದಲ್ಲಿ ಬರೆದದ್ದು: ‘25 ಕಿಲೋ – 11, 10, 8’.

ಸೆಟ್‌ನಿಂದ ಸೆಟ್ಟಿಗೆ ಅಂಕಿ ಇಳಿದದ್ದು ಲೋಪವಲ್ಲ. ಬಿಡುವು ಕೊಟ್ಟರೂ ದಣಿವು ಪೂರ್ತಿ ಆರುವುದಿಲ್ಲ, ಹಾಗಾಗಿ ಸರಿಯಾದ ತೂಕದಲ್ಲಿ ಅಂಕಿ ಸ್ವಲ್ಪ ಇಳಿಯುವುದೇ ಸಹಜ. ಇಳಿಯುವ ಬಗೆಯನ್ನು ನೋಡಿ ತಪ್ಪನ್ನು ಗುರುತಿಸಬಹುದು. ಮೊದಲ ದಿನವೇ 12, 12, 12 ಬಂದು ಕೊನೆಯದೂ ಸಲೀಸಾಗಿ ಬಂದಿದ್ದರೆ ತೂಕ ಹಗುರವಾಯಿತು. 12, 7, 4 ಬಂದಿದ್ದರೆ ಮೊದಲ ಸೆಟ್ಟನ್ನು ಮಿತಿಯವರೆಗೆ ಎಳೆದಿದ್ದಾರೆ ಅಥವಾ ಬಿಡುವು ಕಡಿಮೆಯಾಗಿದೆ. 7, 6, 6 ಬಂದಿದ್ದರೆ ತೂಕವೇ ಭಾರ, ಪಿನ್ನನ್ನು ಒಂದು ಪಟ್ಟಿ ಮೇಲಕ್ಕೆ ಸರಿಸಬೇಕು.

ಐದನೆಯ ಹಂತ: ತೂಕ ಏರಿಸುವ ದಿನ

ಒಂದೇ ಅಂಕಿಯ ಬದಲು ಎಂಟರಿಂದ ಹನ್ನೆರಡು ಎಂಬ ಅಂತರವನ್ನು ಚಾರ್ಟ್ ಏಕೆ ಕೊಡುತ್ತದೆ ಎಂಬುದು ಇಲ್ಲಿ ತಿಳಿಯುತ್ತದೆ. ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಸಂಸ್ಥೆ 2009ರಲ್ಲಿ ಪ್ರಕಟಿಸಿದ ನಿಲುವಿನ ಪ್ರಕಾರ, ಗೊತ್ತುಮಾಡಿದ ಸಂಖ್ಯೆಗಿಂತ ಒಂದೆರಡು ರೆಪ್ ಹೆಚ್ಚು ಮಾಡಲು ಸಾಧ್ಯವಾದಾಗ ತೂಕವನ್ನು ಶೇಕಡಾ 2ರಿಂದ 10ರಷ್ಟು ಏರಿಸಬಹುದು. ಕಾಗದದ ಮೇಲೆ ಇದು ಸರಳ. ಆದರೆ ನಮ್ಮ ಯಂತ್ರದಲ್ಲಿ 25ರ ನಂತರ ಸಿಗುವುದು 30, ಅಂದರೆ ಒಮ್ಮೆಲೇ ಶೇಕಡಾ 20ರ ಜಿಗಿತ. ಡಂಬೆಲ್ ಶೋಲ್ಡರ್ ಪ್ರೆಸ್‌ನಲ್ಲಿ ಪರಿಸ್ಥಿತಿ ಇನ್ನೂ ಕಠಿಣ: ಎರಡೂವರೆ ಕಿಲೋ ಅಂತರದ ಡಂಬೆಲ್‌ಗಳಿರುವ ಜಿಮ್‌ನಲ್ಲಿ 5 ಕಿಲೋದಿಂದ ಏಳೂವರೆಗೆ ಹೋದರೆ ಅದು ಶೇಕಡಾ 50ರ ಏರಿಕೆ. ಇಷ್ಟು ದೊಡ್ಡ ಜಿಗಿತದಲ್ಲಿ ರೆಪ್‌ಗಳು ಮೂರು ನಾಲ್ಕಾದರೂ ಇಳಿದೇ ಇಳಿಯುತ್ತವೆ. ಹನ್ನೆರಡರವರೆಗೆ ಏರಿ, ಜಿಗಿದು, ಎಂಟಕ್ಕೆ ಇಳಿದು, ಮತ್ತೆ ಹನ್ನೆರಡರ ಕಡೆಗೆ ಏರಲು ಬೇಕಾದ ಜಾಗವೇ ಆ ಅಂತರ.

ನಮ್ಮ ವ್ಯಕ್ತಿಯ ಪುಸ್ತಕವನ್ನು ಮುಂದಕ್ಕೆ ತಿರುವಿ ಹಾಕೋಣ. ವಾರಕ್ಕೆರಡು ಬಾರಿ ಪುಲ್‌ಡೌನ್ ಮಾಡುವ ಅವರ 25 ಕಿಲೋದ ದಾಖಲೆ ಹೀಗೆ ಸಾಗಿತು: 11, 10, 8, ಬಳಿಕ 12, 10, 9, ಬಳಿಕ 12, 11, 10, ಒಂದು ದಿನ ನಿದ್ದೆಗೆಟ್ಟು ಬಂದಾಗ 11, 10, 9, ಆಮೇಲೆ 12, 12, 11, ಕೊನೆಗೆ 12, 12, 12. ಮೂರೂ ಸೆಟ್‌ಗಳಲ್ಲಿ, ಜೋಲಿಯಿಲ್ಲದೆ, ಹನ್ನೆರಡು ಬಂದ ದಿನವೇ ತೂಕ ಏರಿಸುವ ಅಪ್ಪಣೆ ಸಿಕ್ಕಿತೆಂದು ತಿಳಿಯಬೇಕು. ಮೊದಲ ಸೆಟ್‌ನಲ್ಲಿ ಹನ್ನೆರಡು ಬಂದೊಡನೆ ಏರಿಸುವುದು ಹೊಸಬರ ಸಾಮಾನ್ಯ ಅವಸರ. ಮುಂದಿನ ಬಾರಿ 30 ಕಿಲೋದಲ್ಲಿ ಬಂದದ್ದು 9, 8, 7.

ಇಲ್ಲಿ ಲೆಕ್ಕ ಹಾಕಿದವರಿಗೆ ಒಂದು ನಿರಾಶೆ ಕಾದಿರುತ್ತದೆ. ಹಿಂದಿನ ಬಾರಿ 25 ಕಿಲೋವನ್ನು 36 ಸಲ ಎಳೆದಿದ್ದರಿಂದ ಒಟ್ಟು 900 ಕಿಲೋ ಆಗಿತ್ತು. ಈಗ 30 ಕಿಲೋ 24 ಸಲ, ಒಟ್ಟು 720. ಕೆಲಸ ಕಡಿಮೆಯಾಯಿತಲ್ಲ ಎನ್ನಿಸುತ್ತದೆ. ಆದರೆ ಹೋಲಿಸಬೇಕಾದದ್ದು ಹಿಂದಿನ ದಿನದೊಂದಿಗೆ ಅಲ್ಲ. ಹಿಂದಿನ ತೂಕದ ಮೊದಲ ದಿನ ಒಟ್ಟು 29 ಸಲ, 725 ಕಿಲೋ ಆಗಿತ್ತು. ಈಗಿನದು ಹೆಚ್ಚುಕಡಿಮೆ ಅಷ್ಟೇ ಒಟ್ಟು, ಆದರೆ ಪ್ರತಿ ಎಳೆತವೂ ಐದು ಕಿಲೋ ಭಾರ. ಮೂರನೆಯ ಸೆಟ್‌ನಲ್ಲಿ ಏಳೇ ಬಂದದ್ದಕ್ಕೆ ಮತ್ತೆ 25ಕ್ಕೆ ಮರಳಬೇಕಿಲ್ಲ. ಒಂದೆರಡು ಬಾರಿಯಲ್ಲಿ ಅದು ಎಂಟಾಗುತ್ತದೆ. ಮೊದಲ ಸೆಟ್‌ನಲ್ಲೇ ಐದಾರು ಬಂದು ನಿಂತರೆ ಮಾತ್ರ ಜಿಗಿತ ಬೇಗವಾಯಿತೆಂದು ತಿಳಿದು, 25ರಲ್ಲಿ ಹದಿನಾಲ್ಕು ಹದಿನೈದರವರೆಗೆ ಏರಿಸಿಕೊಂಡು ಮತ್ತೆ ಪ್ರಯತ್ನಿಸಬೇಕು. ಡಂಬೆಲ್ ಪ್ರೆಸ್‌ನಂತಹ ಕಡೆ ಹೀಗೆ ಚಾರ್ಟ್‌ನ ಮೇಲಿನ ಅಂಕಿಯನ್ನು ಮೀರಿ ಹೋಗುವುದು ಎಷ್ಟೋ ಬಾರಿ ಅನಿವಾರ್ಯ.

ಆರಂಭದ ವಾರಗಳಲ್ಲಿ ರೆಪ್‌ಗಳು ಬೇಗಬೇಗ ಏರುವುದಕ್ಕೆ ಮುಖ್ಯ ಕಾರಣ ಸ್ನಾಯು ದಪ್ಪವಾಗುವುದಲ್ಲ. ಇರುವ ಸ್ನಾಯುವನ್ನೇ ಚೆನ್ನಾಗಿ ದುಡಿಸಿಕೊಳ್ಳಲು ನರಗಳು ಕಲಿಯುತ್ತವೆ. ಹಾಗಾಗಿ ಮೂರು ನಾಲ್ಕು ತಿಂಗಳ ನಂತರ ಏರಿಕೆ ನಿಧಾನವಾದರೆ ಚಾರ್ಟ್ ಕೆಟ್ಟಿತೆಂದು ಬದಲಿಸುವ ಅಗತ್ಯವಿಲ್ಲ.

ಹತ್ತೇ ಏಕೆ, ಇಪ್ಪತ್ತು ಏಕಲ್ಲ

ಹತ್ತರ ಮೂರು ಸೆಟ್ ಎಂಬ ಪದ್ಧತಿಗೆ ಒಂದು ಇತಿಹಾಸವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್ ಗಾಯಗೊಂಡ ಸೈನಿಕರ ಮಂಡಿ ಮತ್ತು ತೊಡೆಯ ಬಲವನ್ನು ಮರಳಿ ತರಲು ಭಾರ ಎತ್ತಿಸತೊಡಗಿದರು, ಮತ್ತು 1945ರಲ್ಲಿ ಆ ಬಗ್ಗೆ ಬರೆದರು. ಮೊದಲಿಗೆ ಅವರು ಹತ್ತು ರೆಪ್‌ಗಳ ಏಳರಿಂದ ಹತ್ತು ಸೆಟ್‌ಗಳನ್ನು ಮಾಡಿಸುತ್ತಿದ್ದರು. ಅಷ್ಟು ಬೇಕಿಲ್ಲವೆಂದು ಕಂಡುಕೊಂಡು, 1948ರ ಹೊತ್ತಿಗೆ ವಾಟ್ಕಿನ್ಸ್ ಎಂಬ ಸಹೋದ್ಯೋಗಿಯೊಡನೆ ಮೂರು ಸೆಟ್‌ಗಳಿಗೆ ಇಳಿಸಿದರು. ಗಮನಿಸಬೇಕಾದದ್ದು, ಅವರ ಮೂರೂ ಸೆಟ್‌ಗಳು ಒಂದೇ ತೂಕದವಲ್ಲ. ರೋಗಿ ಹತ್ತು ಸಲ ಮಾತ್ರ ಎತ್ತಬಲ್ಲ ತೂಕದ ಅರ್ಧ ಮೊದಲ ಸೆಟ್ಟಿಗೆ, ಮುಕ್ಕಾಲು ಎರಡನೆಯದಕ್ಕೆ, ಪೂರ್ಣ ತೂಕ ಮೂರನೆಯದಕ್ಕೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದು ಎರಡು ವಾರ್ಮ್-ಅಪ್ ಮತ್ತು ಒಂದೇ ಒಂದು ಕೆಲಸದ ಸೆಟ್.

ನಮ್ಮ ಜಿಮ್‌ಗಳಲ್ಲಿ ಬಹಳ ಕಾಣುವ ‘15-12-10-8’ ಎಂಬ ಬರಹ ಇದೇ ಬಗೆಯದು. ಪ್ರತಿ ಸೆಟ್ಟಿಗೆ ತೂಕ ಏರುತ್ತದೆ, ರೆಪ್ ಇಳಿಯುತ್ತದೆ. ಇದನ್ನು ಮಾಡುವವರು ನಾಲ್ಕೂ ಸೆಟ್‌ಗಳು ಸಮಾನವೆಂದು ತಿಳಿಯುತ್ತಾರೆ. ಹದಿನೈದರ ಸೆಟ್ ಹಗುರವಾಗಿದ್ದರೆ ಅದು ವಾರ್ಮ್-ಅಪ್; ಹತ್ತು ಮತ್ತು ಎಂಟರ ಸೆಟ್‌ಗಳಷ್ಟೇ ನಿಜವಾದ ಕೆಲಸ. ಏರಿಕೆಯನ್ನು ಅಳೆಯುವಾಗ ಕೊನೆಯ ಎರಡನ್ನು ಹಿಂದಿನ ವಾರದ ಕೊನೆಯ ಎರಡರೊಂದಿಗೆ ಹೋಲಿಸಿದರೆ ಸಾಕು.

ಒಂದರಿಂದ ಐದು ರೆಪ್‌ಗಳ ಭಾರವಾದ ಸೆಟ್‌ಗಳು ಮುಖ್ಯವಾಗಿ ಗರಿಷ್ಠ ಬಲವನ್ನು ಬೆಳೆಸುತ್ತವೆ. ಚಲನೆಯೇ ಇನ್ನೂ ಕೈಗೆ ಹತ್ತದ ಹೊಸಬರಿಗೆ ಅವು ಬೇಡ. ಸ್ನಾಯು ಬೆಳೆಯುವ ಮಟ್ಟಿಗೆ ಐದಾರರಿಂದ ಮೂವತ್ತರವರೆಗಿನ ಯಾವ ಸಂಖ್ಯೆಯೂ ಫಲ ಕೊಡುತ್ತದೆ, ಆದರೆ ಸೆಟ್ ಮಿತಿಯ ಹತ್ತಿರ ಮುಗಿಯಬೇಕೆಂಬ ಷರತ್ತು ಇದೆ. ಮಹಿಳೆಯರ ಕೈಗೆ ಒಂದೆರಡು ಕಿಲೋದ ಬಣ್ಣದ ಡಂಬೆಲ್ ಕೊಟ್ಟು, ‘ಟೋನ್’ ಆಗಲೆಂದು ಇಪ್ಪತ್ತು ರೆಪ್ ಬರೆಯುವ ಚಾರ್ಟ್‌ಗಳ ಬಗ್ಗೆ ನನ್ನ ತಕರಾರು ಇದೇ. ಇಪ್ಪತ್ತಾದ ಮೇಲೆ ಮತ್ತೆ ಇಪ್ಪತ್ತು ಸಲೀಸಾಗಿ ಬರುವುದಾದರೆ ಆ ಅಂಕಿ ಸ್ನಾಯುವಿಗೆ ಏನನ್ನೂ ಹೇಳುತ್ತಿಲ್ಲ, ಮತ್ತು ತೋಳನ್ನು ಆಡಿಸಿದ ಮಾತ್ರಕ್ಕೆ ತೋಳಿನ ಕೊಬ್ಬು ಕರಗುವುದೂ ಇಲ್ಲ.

ಸೆಟ್‌ಗಳ ಒಟ್ಟು ಮೊತ್ತ ಮತ್ತು ಅಪಾಯದ ಗುರುತು

ಒಂದು ಸಾಲಿನ ಮೂರು ಸೆಟ್ ಸರಿಯಾಗಿದ್ದರೂ ಸಾಲುಗಳನ್ನು ಕೂಡಿದಾಗ ಮೊತ್ತ ಕೈಮೀರಬಹುದು. ‘ಎದೆಯ ದಿನ’ ಎಂದು ಆರು ವ್ಯಾಯಾಮಗಳನ್ನು ನಾಲ್ಕು ನಾಲ್ಕು ಸೆಟ್ ಬರೆದಿದ್ದರೆ ಒಂದೇ ಸ್ನಾಯುವಿಗೆ ಒಂದೇ ದಿನ 24 ಸೆಟ್ ಆಯಿತು. ವರ್ಷಗಟ್ಟಲೆ ಅಭ್ಯಾಸವಿರುವವರ ಚಾರ್ಟ್ ಅದು, ಹೊಸಬರದಲ್ಲ. ಮೊದಲ ಎರಡು ವಾರ ಚಾರ್ಟ್‌ನಲ್ಲಿ ಮೂರು ಸೆಟ್ ಎಂದಿದ್ದರೂ ಒಂದು ಅಥವಾ ಎರಡನ್ನೇ ಮಾಡಿ, ವಾರಕ್ಕೆ ಎರಡು ಮೂರು ದಿನ ಇಡೀ ಮೈಗೆ ಐದಾರು ವ್ಯಾಯಾಮ ಹಂಚಿಕೊಂಡರೆ ಆರಂಭಕ್ಕೆ ಅಷ್ಟು ಸಾಕು.

ಹೊಸ ಚಲನೆಯ ನಂತರದ ಮೈಕೈ ನೋವು ಸಾಮಾನ್ಯವಾಗಿ ಒಂದರಿಂದ ಮೂರು ದಿನಗಳ ನಡುವೆ ಹೆಚ್ಚಾಗಿ, ಬಳಿಕ ತಾನೇ ಇಳಿಯುತ್ತದೆ. ಅದಕ್ಕೆ ಹೆದರಬೇಕಿಲ್ಲ. ಆದರೆ ಅಭ್ಯಾಸವಿಲ್ಲದ ದೇಹಕ್ಕೆ ಮೊದಲ ದಿನವೇ ಪಂಥಕ್ಕೆ ಬಿದ್ದು ನೂರಾರು ಸ್ಕ್ವಾಟ್ ಅಥವಾ ಪುಲ್-ಅಪ್ ಮಾಡಿಸಿದಾಗ ಸ್ನಾಯುವಿನ ಎಳೆಗಳು ಒಡೆದು ಅದರೊಳಗಿನ ದ್ರವ್ಯ ರಕ್ತಕ್ಕೆ ಸೇರುವುದುಂಟು. ವೈದ್ಯರು ರಾಬ್ಡೋಮಯೋಲಿಸಿಸ್ ಎನ್ನುವ ಈ ಸ್ಥಿತಿ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲದು. ನೋವು ಮಾಮೂಲಿಗಿಂತ ತೀವ್ರವಾಗಿ, ಸ್ನಾಯು ಊದಿಕೊಂಡು, ಮೂತ್ರ ಕಡು ಕಾಫಿಯ ಅಥವಾ ಕೋಲಾದ ಬಣ್ಣಕ್ಕೆ ತಿರುಗಿದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಗರಡಿಮನೆಯ ಪೈಲ್ವಾನರು ನೂರಾರು ದಂಡ, ಬಸ್ಕಿ ಹೊಡೆಯುತ್ತಾರಲ್ಲ ಎಂಬ ವಾದ ಇಲ್ಲಿ ನಿಲ್ಲದು. ಅವರು ಆ ಸಂಖ್ಯೆಗೆ ಹುಡುಗತನದಿಂದ ಹಂತಹಂತವಾಗಿ ಏರಿದವರು.

ಮದುವೆ, ಜ್ವರ, ಪರೀಕ್ಷೆ ಎಂದು ಎರಡು ಮೂರು ವಾರ ಜಿಮ್ ತಪ್ಪಿದವರು ಮರಳಿ ಬಂದಾಗಲೂ ಇದೇ ಎಚ್ಚರ ಬೇಕು. ಪುಸ್ತಕದ ಕೊನೆಯ ಸಾಲಿನಲ್ಲಿ ‘30 ಕಿಲೋ – 11, 10, 9’ ಎಂದಿದ್ದರೆ ಅಲ್ಲಿಂದಲೇ ಮುಂದುವರಿಸದೆ, ಮೊದಲ ದಿನ ಪಿನ್ನನ್ನು 25ಕ್ಕೆ ಹಾಕಿ, ಮೂರು ನಾಲ್ಕು ರೆಪ್ ಕೈಯಲ್ಲಿ ಉಳಿಸಿಕೊಂಡು ಎರಡು ಸೆಟ್‌ಗೆ ನಿಲ್ಲಿಸಬೇಕು. ಮೂರನೆಯ ದಿನದ ಹೊತ್ತಿಗೆ ನೋವು ಅಷ್ಟಾಗಿ ಕಾಣದಿದ್ದರೆ ಮುಂದಿನ ಬಾರಿ 30ಕ್ಕೆ ಮರಳಿ, ಎಷ್ಟು ಬಂದರೂ ಆ ದಿನದ ಅಂಕಿಯನ್ನೇ ಹೊಸ ಲೆಕ್ಕದ ಮೊದಲ ಸಾಲಾಗಿ ಬರೆದುಕೊಳ್ಳಬೇಕು.